ಪಿಐಪಿ ಕೊಟ್ಟಿದ್ದಾರೆ: 95% ಗುರಿ, ಅಕ್ಟೋಬರ್ 30ರ ಗಡುವು. ಸಹಿ ಹಾಕುವ ಮುಂಚೆ ಏನು ನೋಡಬೇಕು?

ಸಾಗರದವಳು
ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಪ್ರೊಡಕ್ಷನ್ ಸಪೋರ್ಟ್‌ನಲ್ಲಿದ್ದೇನೆ, ಎಲ್2. ಸೇರಿ ನಾಲ್ಕು ವರ್ಷ ಆಯಿತು. ನಿನ್ನೆ, ಅಂದರೆ ಅಕ್ಟೋಬರ್ 6ರ ಸೋಮವಾರ, ಮ್ಯಾನೇಜರ್ ಮತ್ತು ಎಚ್‌ಆರ್ ಕರೆದು ಪಿಐಪಿ, ಅಂದರೆ ಗಡುವಿನೊಳಗೆ ಕೆಲಸ ಸುಧಾರಿಸಿಕೊಳ್ಳಬೇಕು ಅನ್ನುವ ಪತ್ರ, ಕೊಟ್ಟರು. ನಾಳೆ ಸಂಜೆಯೊಳಗೆ ಸಹಿ ಮಾಡಿ ಕಳಿಸಬೇಕಂತೆ. ಏಪ್ರಿಲ್ ಅಪ್ರೈಸಲ್‌ನಲ್ಲಿ ನನ್ನ ರೇಟಿಂಗ್ ಚೆನ್ನಾಗೇ ಇತ್ತು. ಜುಲೈನಲ್ಲಿ ಮ್ಯಾನೇಜರ್ ಬದಲಾದರು.

ಅದರಲ್ಲಿರುವುದನ್ನು ಕನ್ನಡದಲ್ಲಿ ಬರೆಯುತ್ತೇನೆ. ಅವಧಿ ಅಕ್ಟೋಬರ್ 1ರಿಂದ 30ರವರೆಗೆ. ಪಿ2, ಪಿ3 ಆದ್ಯತೆಯ ಟಿಕೆಟ್‌ಗಳಲ್ಲಿ 95% ಎಸ್‌ಎಲ್‌ಎ ಒಳಗೆ, ಅಂದರೆ ಕ್ಲೈಂಟ್‌ಗೆ ಮಾತು ಕೊಟ್ಟ ಸಮಯದೊಳಗೆ, ಮುಗಿಸಬೇಕು. ಒಂದು ಟಿಕೆಟ್ ಕೂಡ ರೀಓಪನ್ ಆಗಬಾರದು. ಕ್ಲೈಂಟ್ ಜೊತೆಗಿನ ಸಂವಹನದಲ್ಲಿ "ಗಮನಾರ್ಹ ಸುಧಾರಣೆ" ಕಾಣಬೇಕು. ಬೆಂಬಲ ಅನ್ನುವ ಜಾಗದಲ್ಲಿ ಒಂದೇ ಸಾಲು: "ಅಗತ್ಯ ಬಿದ್ದಾಗ ಮ್ಯಾನೇಜರ್ ಮಾರ್ಗದರ್ಶನ ನೀಡುತ್ತಾರೆ, ಉದ್ಯೋಗಿ ಸ್ವಂತವಾಗಿ ಕಲಿಯಬೇಕು." ಕೊನೆಯಲ್ಲಿ, ಅವಧಿಯ ಮಧ್ಯೆ ಯಾವಾಗ ಬೇಕಾದರೂ ಕೆಲಸದಿಂದ ತೆಗೆಯಬಹುದು ಅಂತ ಇದೆ.

ಕೆಲವು ಟಿಕೆಟ್ ತಡ ಆಗಿದ್ದು ನಿಜ, ಇಲ್ಲ ಅನ್ನುವುದಿಲ್ಲ. ಆದರೆ ಇದನ್ನು ಓದಿದರೆ ಪಾಸಾಗಲು ದಾರಿಯೇ ಕಾಣುತ್ತಿಲ್ಲ. ಏನೆಂದು ಉತ್ತರ ಬರೆಯಲಿ?

ಬಸವನಗುಡಿ_ಬಾಯ್
ಸಹಿ ಮಾಡಲೇಬೇಡಿ ಮೇಡಂ. ಸಹಿ ಹಾಕಿದರೆ ತಪ್ಪು ಒಪ್ಪಿಕೊಂಡ ಹಾಗೆ. ಏಪ್ರಿಲ್‌ನಲ್ಲಿ ರೇಟಿಂಗ್ ಚೆನ್ನಾಗಿದ್ದರೆ ಅಕ್ಟೋಬರ್‌ನಲ್ಲಿ ಪಿಐಪಿ ಕೊಡೋಕೆ ಬರುವುದೇ ಇಲ್ಲ. ಅಷ್ಟಕ್ಕೂ ನಮ್ಮ ದೇಶದ ಕಾನೂನಿನಲ್ಲಿ ಪಿಐಪಿ ಅನ್ನೋದೇ ಇಲ್ಲ. ಈಗಲೇ ಎಲ್ಲಾ ಟಿಕೆಟ್ ಡೇಟಾ ನಿಮ್ಮ ಸ್ವಂತ ಜಿಮೇಲ್‌ಗೆ ಕಳಿಸಿಕೊಂಡು ಬಿಡಿ. ಆಮೇಲೆ ಲ್ಯಾಪ್‌ಟಾಪ್ ಲಾಕ್ ಮಾಡಿದರೆ ಏನೂ ಸಿಗಲ್ಲ.

ಹಳೇ_ಎಚ್ಆರ್
ದಯವಿಟ್ಟು ಡೇಟಾ ಜಿಮೇಲ್‌ಗೆ ಕಳಿಸಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಇದರಿಂದ ಆಗುವ ಹಾನಿ ದೊಡ್ಡದು. ಟಿಕೆಟ್‌ನಲ್ಲಿ ಕ್ಲೈಂಟ್ ಮಾಹಿತಿ ಇರುತ್ತದೆ. ಅದು ಹೊರಗೆ ಹೋಯಿತು ಅಂದರೆ ಪಿಐಪಿ ಮಾತೇ ನಿಂತುಹೋಗಿ ದುರ್ನಡತೆ ಅಂತ ಬೇರೆ ಫೈಲ್ ತೆರೆಯುತ್ತಾರೆ. ಆಗ ಈ ಒಂದು ತಿಂಗಳ ಅವಕಾಶವೂ ಇರಲ್ಲ. ಟಿಕೆಟ್ ನಂಬರ್ ಮತ್ತು ತಾರೀಕು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, ಸಾಕು. ವಾದವನ್ನೆಲ್ಲ ಆಫೀಸಿನ ಮೇಲ್‌ನಲ್ಲೇ ಮಾಡಿ. ಪಿಐಪಿ ಕಾಗದದ ಒಂದು ಪ್ರತಿ ಎಚ್‌ಆರ್ ಹತ್ತಿರ ಕೇಳಿ ತೆಗೆದುಕೊಳ್ಳಿ, ಅದು ನಿಮ್ಮದು.

ಸಹಿ ವಿಷಯ. ಮಾಡದೇ ಇದ್ದರೂ ಪಿಐಪಿ ನಿಲ್ಲುವುದಿಲ್ಲ. "ಉದ್ಯೋಗಿ ಸಹಿಗೆ ನಿರಾಕರಿಸಿದರು" ಅಂತ ಒಂದು ಸಾಲು ಬರೆದು ಮುಂದುವರಿಸುತ್ತಾರೆ. ಸಹಿಯ ಪಕ್ಕದಲ್ಲಿ "ಸ್ವೀಕರಿಸಿದ್ದೇನೆ, ವಿಷಯಕ್ಕೆ ಒಪ್ಪಿಗೆ ಕೊಟ್ಟಿಲ್ಲ, ಪ್ರತ್ಯೇಕ ಮೇಲ್ ಕಳಿಸುತ್ತೇನೆ" ಅಂತ ಬರೆಯಿರಿ. ಇ-ಸಹಿ ಆದರೆ ಅದೇ ಮಾತನ್ನು ಮೇಲ್‌ನಲ್ಲಿ ಹಾಕಿ, ಆಮೇಲೆ ಕ್ಲಿಕ್ ಮಾಡಿ.

ಏಪ್ರಿಲ್ ರೇಟಿಂಗ್ ನಿಮ್ಮ ಪರವಾದ ದಾಖಲೆ, ಹೌದು. ಆದರೆ ಅದರಿಂದ ಪಿಐಪಿ ರದ್ದಾಗಲ್ಲ. ಏಪ್ರಿಲ್ ನಂತರ ಏನಾಯಿತು ಅಂತ ತೋರಿಸುವ ಹೊಣೆ ಅವರಿಗೆ ಬರುತ್ತದೆ, ಅಷ್ಟೇ.

ಈಗ ನನಗೆ ಮೂರು ವಿಷಯ ತಿಳಿಸಿ. ಕಳೆದ ಮೂರು ತಿಂಗಳಲ್ಲಿ ನಿಮ್ಮ ಟಿಕೆಟ್ ಎಷ್ಟು, ಎಸ್‌ಎಲ್‌ಎ ಒಳಗೆ ಎಷ್ಟು ಮುಗಿದವು? ಇಡೀ ಟೀಮಿನ ಅಂಕಿ ಎಷ್ಟು? ತಡ ಆದ ಟಿಕೆಟ್‌ಗಳು ಯಾರ ಹತ್ತಿರ ನಿಂತಿದ್ದವು?

ಕೋಲಾರ_ಕುಮಾರ
ನಮ್ಮಲ್ಲೂ ಹೀಗೇ ಸರ್. ನನಗೆ ಈ ಸಲ ವೇರಿಯಬಲ್ ಪೇ ಅರ್ಧ ಮಾತ್ರ ಬಂತು. ಗುರಿ ತಲುಪಿಲ್ಲ ಅಂದರು. ಇದಕ್ಕೂ ಮೇಲ್ ಹಾಕಬಹುದಾ?

ಟೀಮ್‌ಲೀಡ್_ಹುಬ್ಬಳ್ಳಿ
ಕುಮಾರ್ ಅವರೇ, ಅದು ವೇರಿಯಬಲ್ ಪೇ ಪಾಲಿಸಿಯ ವಿಷಯ, ಬೇರೆ ಥ್ರೆಡ್ ಶುರು ಮಾಡಿ. ಇಲ್ಲಿ ಕೆಲಸವೇ ಹೋಗುವ ಪ್ರಶ್ನೆ ಇದೆ.

ನಾನು ಪಿಐಪಿ ಬರೆಯುವ ಕಡೆಯವನು. ಒಂದು ಮಾತು ಹೇಳಬೇಕು. ಎಲ್ಲಾ ಪಿಐಪಿಯೂ ಹೊರಗೆ ಹಾಕೋಕೆ ಅಂತ ಅಲ್ಲ. ನನ್ನ ಟೀಮಿನಲ್ಲಿ ಪಿಐಪಿ ಮುಗಿಸಿ ಈಗಲೂ ಚೆನ್ನಾಗಿ ಕೆಲಸ ಮಾಡುತ್ತಿರುವವರು ಇದ್ದಾರೆ. ಮ್ಯಾನೇಜರ್‌ಗೆ ನಿಜವಾಗಿ ಉಳಿಸಿಕೊಳ್ಳುವ ಮನಸ್ಸಿದೆಯೋ ಇಲ್ಲವೋ ಅಂತ ಗೊತ್ತಾಗುವುದು ಬೆಂಬಲದ ಭಾಗದಲ್ಲಿ. ನಾನು ಒಬ್ಬರನ್ನು ಉಳಿಸಿಕೊಳ್ಳಬೇಕು ಅಂದುಕೊಂಡರೆ ಯಾರು ಕಲಿಸುತ್ತಾರೆ, ವಾರದ ಯಾವ ದಿನ, ಎಷ್ಟು ಹೊತ್ತು ಅಂತ ಮೊದಲೇ ಹೊಂದಿಸಿಕೊಂಡಿರುತ್ತೇನೆ. "ಅಗತ್ಯ ಬಿದ್ದಾಗ" ಅಂತ ಬರೆದಿದ್ದಾರೆ ಅಂದರೆ ಇನ್ನೂ ಯೋಚನೆಯೇ ಮಾಡಿಲ್ಲ. ಸೋಮಾರಿತನವೂ ಇರಬಹುದು, ಬೇರೆ ಉದ್ದೇಶವೂ ಇರಬಹುದು. ಕೇಳಿ ನೋಡಿ, ಉತ್ತರದಲ್ಲಿ ತಿಳಿಯುತ್ತದೆ.

ಸಾಗರದವಳು
ಹಳೇ ಎಚ್‌ಆರ್ ಸರ್, ಡ್ಯಾಶ್‌ಬೋರ್ಡ್ ನೋಡಿದೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ನನ್ನ ಹೆಸರಿನಲ್ಲಿ 41 ಟಿಕೆಟ್. ಅದರಲ್ಲಿ 35 ಎಸ್‌ಎಲ್‌ಎ ಒಳಗೆ. ಅಂದರೆ 85% ಚಿಲ್ಲರೆ. ಟೀಮಿನದು 88%. ತಡವಾದ 6ರಲ್ಲಿ 2 ನನ್ನಿಂದಲೇ. ಉಳಿದ 4ರಲ್ಲಿ ಡೇಟಾಬೇಸ್ ಟೀಮಿನವರು ಕ್ವೆರಿ ಓಡಿಸಿ ಕೊಡುವವರೆಗೆ ಕಾಯಬೇಕಾಯಿತು. ಪ್ರೊಡಕ್ಷನ್ ಡೇಟಾಬೇಸ್‌ಗೆ ರೀಡ್ ಆಕ್ಸೆಸ್ ಕೊಡಿ ಅಂತ ಆಗಸ್ಟ್‌ನಲ್ಲೇ ಕೇಳಿದ್ದೆ. ಇನ್ನೂ ಅಪ್ರೂವಲ್‌ನಲ್ಲೇ ಇದೆ. ಟೀಮಿನಲ್ಲಿ ಉಳಿದವರಿಗೆ ಇದೆ.

ಹಳೇ_ಎಚ್ಆರ್
ಇದು ಸಿಕ್ಕಿದ್ದು ಬಹಳ ಒಳ್ಳೆಯದಾಯಿತು. ಒಂದೊಂದಾಗಿ ನೋಡೋಣ.

ಮೊದಲು 95%. ಅಳೆಯಬಹುದಾದ ಗುರಿ ಅಂತ ಅವರು ಹೇಳುತ್ತಾರೆ, ಶೇಕಡಾ ಹಾಕಿದ್ದೇವಲ್ಲ ಅಂತ. ಆದರೆ ಅದರ ಕೆಳಗೆ ಎಷ್ಟು ಟಿಕೆಟ್ ಇದೆ ಅಂತ ನೋಡಬೇಕು. ಮೂರು ತಿಂಗಳಿಗೆ 41 ಅಂದರೆ, ನಿಮಗೆ ಈಗ ಉಳಿದಿರುವ ದಿನಗಳಲ್ಲಿ ಬರುವುದು ಸುಮಾರು 11 ಟಿಕೆಟ್. 11ರಲ್ಲಿ ಒಂದು ತಪ್ಪಿದರೆ 91%ಕ್ಕೂ ಕೆಳಗೆ. ಅಂದರೆ ಫೇಲ್. 95% ಇಟ್ಟುಕೊಂಡು ಒಂದೇ ಒಂದು ತಪ್ಪಿಗೆ ಜಾಗ ಸಿಗಬೇಕಾದರೂ ಕನಿಷ್ಠ 20 ಟಿಕೆಟ್ ಬರಬೇಕು. ಹಾಗಾಗಿ ಇಲ್ಲಿ 95 ಅಂದರೆ 100 ಅಂತಲೇ ಅರ್ಥ. ಟೀಮೇ 88ರಲ್ಲಿ ನಿಂತಿರುವಾಗ ಕಷ್ಟದಲ್ಲಿರುವ ಒಬ್ಬರಿಗೆ 100 ಕೇಳುವುದು ನ್ಯಾಯ ಅಲ್ಲ. ಇದನ್ನು ಸಿಟ್ಟಿನಲ್ಲಿ ಬರೆಯಬೇಡಿ, ಲೆಕ್ಕ ಮಾತ್ರ ಬರೆಯಿರಿ. ಲೆಕ್ಕಕ್ಕೆ ಉತ್ತರ ಕೊಡುವುದು ಅವರಿಗೆ ಕಷ್ಟ.

ಎರಡನೆಯದು, ಬೇರೆಯವರ ಹತ್ತಿರ ಟಿಕೆಟ್ ನಿಂತಿದ್ದಾಗ ಎಸ್‌ಎಲ್‌ಎ ಗಡಿಯಾರ ಓಡುತ್ತದೆಯೋ ನಿಲ್ಲುತ್ತದೆಯೋ? ನಿಮ್ಮ ಟೂಲ್‌ನಲ್ಲಿ `On Hold` ಹಾಕಿದರೆ ನಿಲ್ಲುತ್ತದಾ?

ಸಾಗರದವಳು
ಕ್ಲೈಂಟ್ ಉತ್ತರಕ್ಕೆ ಕಾಯುತ್ತಿದ್ದರೆ ನಿಲ್ಲುತ್ತದೆ ಸರ್. ಒಳಗಿನ ಟೀಮಿಗೆ ಕಾಯುತ್ತಿದ್ದರೆ ಓಡುತ್ತಲೇ ಇರುತ್ತದೆ. ನಾವು ಯಾರೂ ಅದನ್ನು ಹಾಕುವುದೂ ಇಲ್ಲ, ಸುಮ್ನೆ ಚಾಟ್‌ನಲ್ಲಿ ಪಿಂಗ್ ಮಾಡುತ್ತೇವೆ.

ಹಳೇ_ಎಚ್ಆರ್
ಇನ್ನು ಮೇಲೆ ಚಾಟ್ ಬೇಡ. ಟಿಕೆಟ್‌ನ ವರ್ಕ್ ನೋಟ್ಸ್‌ನಲ್ಲೇ ಬರೆಯಿರಿ: ಎಷ್ಟು ಗಂಟೆಗೆ ಯಾರಿಗೆ ಕೇಳಿದೆ, ಎಷ್ಟು ಗಂಟೆಗೆ ಉತ್ತರ ಬಂತು. ಕೊನೆಗೆ ಅದೇ ಸಾಕ್ಷಿ. ಗುರಿಯಲ್ಲೂ "ಒಳಗಿನ ಬೇರೆ ಟೀಮಿನ ಬಳಿ ಇದ್ದ ಸಮಯವನ್ನು ಬಿಟ್ಟು ಲೆಕ್ಕ ಹಾಕಬೇಕು" ಅಂತ ಸೇರಿಸಲು ಕೇಳಿ.

ರೀಓಪನ್ ಸೊನ್ನೆ ಅನ್ನುವುದು ನಿಮ್ಮ ಕೈಯಲ್ಲೇ ಇಲ್ಲದ ಗುರಿ. ಕ್ಲೈಂಟ್ ಹೊಸ ಪ್ರಶ್ನೆಯನ್ನು ಹಳೇ ಟಿಕೆಟ್‌ನಲ್ಲೇ ಕೇಳಿದರೂ ಅದು ರೀಓಪನ್. "ಮೊದಲು ಕೊಟ್ಟ ಪರಿಹಾರ ತಪ್ಪಾಗಿದ್ದರಿಂದ ರೀಓಪನ್ ಆದವು" ಅಂತ ಮಿತಿ ಹಾಕಿಸಿ, ಸೊನ್ನೆಯ ಬದಲು ಒಂದು ಅಥವಾ ಎರಡು ಇರಲಿ. ಇನ್ನೊಂದು ಸಣ್ಣ ವಿಷಯ ಇದೆ, ಜನ ಮರೆಯುತ್ತಾರೆ. ಕೊನೆಯ ವಾರ ಮುಚ್ಚಿದ ಟಿಕೆಟ್ ಅವಧಿ ಮುಗಿದ ಮೇಲೆ ರೀಓಪನ್ ಆದರೆ ಲೆಕ್ಕಕ್ಕೆ ಬರುತ್ತದಾ? ಕೇಳಿ ಬರೆಸಿಕೊಳ್ಳಿ.

"ಗಮನಾರ್ಹ ಸುಧಾರಣೆ" ಅನ್ನುವುದನ್ನು ಅಳೆಯೋಕೆ ಆಗಲ್ಲ. ಅದನ್ನು ತೆಗೆಯಿರಿ ಅಂದರೆ ಒಪ್ಪಲ್ಲ. ಅದರ ಬದಲಿಗೆ ನೀವೇ ಒಂದು ಗುರಿ ಬರೆದು ಕೊಡಿ. ಉದಾಹರಣೆಗೆ, "ಪಿ2 ತೆರೆದಿರುವಷ್ಟು ಹೊತ್ತು ಪ್ರತಿ ಗಂಟೆಗೆ ಒಮ್ಮೆ ಟಿಕೆಟ್‌ನಲ್ಲಿ ಅಪ್‌ಡೇಟ್ ಬರೆಯುತ್ತೇನೆ, ಮುಚ್ಚಿದ ಎರಡು ಕೆಲಸದ ದಿನದೊಳಗೆ ಕಾರಣದ ವರದಿ ಕಳಿಸುತ್ತೇನೆ." ಇದನ್ನು ಯಾರು ಬೇಕಾದರೂ ಟಿಕೆಟ್ ತೆರೆದು ಎಣಿಸಬಹುದು. ಮ್ಯಾನೇಜರ್‌ಗೆ ಏನು ಅನಿಸಿತು ಅನ್ನುವುದರ ಮೇಲೆ ನಿಲ್ಲಲ್ಲ.

ಎರಡು_ಮಕ್ಕಳ_ಅಮ್ಮ
ಓದುತ್ತಿದ್ದರೆ ನನ್ನದೇ ಕಥೆ ಅನಿಸಿತು. ಹೆರಿಗೆ ರಜೆ ಮುಗಿಸಿ ವಾಪಸ್ ಬಂದ ಎರಡನೇ ತಿಂಗಳಿಗೆ ನನಗೆ ಪಿಐಪಿ ಕೊಟ್ಟರು. ನಾನಿಲ್ಲದ ಆರು ತಿಂಗಳಲ್ಲಿ ಕೋಡ್ ಬೇಸೇ ಬದಲಾಗಿತ್ತು. ಕಲಿಸಲು ಒಬ್ಬರನ್ನು ಹೆಸರಿಸಿದ್ದರು, ಆದರೆ ಅವರು ಅಮೆರಿಕದ ಕ್ಲೈಂಟ್ ಕಾಲ್‌ಗಳಿಗಾಗಿ ರಾತ್ರಿ ಕೂರುತ್ತಿದ್ದರು. ನಾನು ಆರು ಗಂಟೆಗೆ ಮಗುವಿನ ಹತ್ತಿರ ಹೋಗಬೇಕು. ಒಂದು ದಿನವೂ ಜೊತೆಯಲ್ಲಿ ಕೂರೋಕೆ ಆಗಲಿಲ್ಲ. ಕೊನೆಯ ರಿವ್ಯೂನಲ್ಲಿ "ಮೆಂಟರ್ ಕೊಟ್ಟಿದ್ದೆವು, ಆದರೂ ಸುಧಾರಣೆ ಇಲ್ಲ" ಅಂತ ಬರೆದರು. ನಾನು ಜಗಳ ಆಡುವ ಸ್ಥಿತಿಯಲ್ಲಿರಲಿಲ್ಲ, ರಾಜೀನಾಮೆ ಕೊಟ್ಟೆ. ಸಾಗರದವರೇ, ಮೆಂಟರ್ ಹೆಸರು ಕೇಳುವಾಗ ಅವರ ಶಿಫ್ಟ್ ಕೂಡ ಕೇಳಿ.

ಸಾಗರದವಳು
ಅಕ್ಕಾ, ಓದಿ ಬೇಜಾರಾಯಿತು. ನಾನು ಮಧ್ಯಾಹ್ನ 2ರಿಂದ ರಾತ್ರಿ 11ರ ಶಿಫ್ಟ್. ನಮ್ಮ ಸೀನಿಯರ್ ಬೆಳಗ್ಗೆ ಶಿಫ್ಟ್, 6 ಗಂಟೆಗೆ ಹೋಗುತ್ತಾರೆ. ಖಂಡಿತ ಕೇಳುತ್ತೇನೆ.

ಟೀಮ್‌ಲೀಡ್_ಹುಬ್ಬಳ್ಳಿ
ಹಾಗಾದರೆ ನಿಮಗೆ 2ರಿಂದ 6ರವರೆಗೆ ಸಿಗುತ್ತಾರೆ. "ಮಂಗಳವಾರ ಮತ್ತು ಗುರುವಾರ 3ರಿಂದ 4" ಅಂತ ನೀವೇ ಸಮಯ ಹಾಕಿ ಕಳಿಸಿ. ಕ್ಯಾಲೆಂಡರ್ ಇನ್ವೈಟ್ ಇರಲಿ. ರದ್ದಾದರೆ ಯಾರು ರದ್ದು ಮಾಡಿದರು ಅಂತ ಅದರಲ್ಲೇ ಕಾಣುತ್ತದೆ.

ರೀಡ್ ಆಕ್ಸೆಸ್ ಬಗ್ಗೆ ನಾನು ಬಹಳ ಗಟ್ಟಿಯಾಗಿ ಹೇಳುತ್ತೇನೆ. ಉಳಿದವರಿಗೆ ಇರುವ ಆಕ್ಸೆಸ್ ನಿಮಗಿಲ್ಲದೆ ಅವರಿಗಿಂತ ಜಾಸ್ತಿ ಗುರಿ ಕೊಟ್ಟಿದ್ದಾರೆ. ಮೇಲ್‌ನಲ್ಲಿ ಇದು ಮೊದಲ ಸಾಲಲ್ಲೇ ಇರಬೇಕು, ಆಗಸ್ಟ್ ರಿಕ್ವೆಸ್ಟ್ ನಂಬರ್ ಸಮೇತ.

ಹಳೇ_ಎಚ್ಆರ್
ಒಪ್ಪಿದೆ. ಈಗ ಅವಧಿ. ಕಾಗದದಲ್ಲಿ 30 ದಿನ ಅಂತ ಕಾಣುತ್ತದೆ. ಕ್ಯಾಲೆಂಡರ್ ಇಟ್ಟುಕೊಂಡು ಎಣಿಸಿ. 1 ಮತ್ತು 2 ಆಯುಧಪೂಜೆ, ವಿಜಯದಶಮಿ ರಜೆ. ನಿಮ್ಮ ಕೈಗೆ ಬಂದಿದ್ದೇ 6ಕ್ಕೆ. ದೀಪಾವಳಿಗೆ 20 ಮತ್ತು 22 ರಜೆ ಇದೆಯಲ್ವಾ? ಶನಿವಾರ ಭಾನುವಾರ ಬಿಟ್ಟರೆ 6ರಿಂದ 30ರವರೆಗೆ ಉಳಿಯುವುದು 17 ಕೆಲಸದ ದಿನ. ತಿಳಿಸುವ ಮೊದಲೇ ಶುರುವಾದ ಅವಧಿ ಅವಧಿಯೇ ಅಲ್ಲ. ಯಾರಿಗೂ ಗೊತ್ತಿಲ್ಲದ ಗುರಿಯ ಮೇಲೆ ಅಕ್ಟೋಬರ್ 3ರ ಟಿಕೆಟ್ ಅಳೆಯೋಕೆ ಆಗುತ್ತದಾ?

ಎಷ್ಟು ದಿನ ಬೇಕು ಅನ್ನುವುದಕ್ಕೆ ನನ್ನ ಅಳತೆ ಹೀಗೆ. ಆಕ್ಸೆಸ್ ಬಂದ ಮೇಲೆ ಕಲಿಯಲು ಒಂದೆರಡು ವಾರ, ಆಮೇಲೆ ಕಲಿತದ್ದು ಟಿಕೆಟ್‌ನಲ್ಲಿ ಕಾಣಲು ಒಂದು ತಿಂಗಳು. ಹಾಗಾಗಿ 60 ದಿನ ಕೇಳಿ, 45ಕ್ಕೆ ಒಪ್ಪಬಹುದು. ಪ್ರತಿ ವಾರ ಅರ್ಧ ಗಂಟೆ ರಿವ್ಯೂ, ಮರುದಿನದೊಳಗೆ ಬರಹದಲ್ಲಿ ಟಿಪ್ಪಣಿ. ಅವರು ಬರೆಯದಿದ್ದರೆ "ಇಂದಿನ ಸಭೆಯಲ್ಲಿ ಮಾತಾಡಿದ್ದು ಇದು" ಅಂತ ನೀವೇ ಕಳಿಸಿ. ಕೊನೆಯದಾಗಿ ಒಂದು ಸಾಲು: "ಹೇಳಿದ ಬೆಂಬಲ ತಡವಾದರೆ ಅಷ್ಟೇ ದಿನ ಗಡುವೂ ಮುಂದೆ ಹೋಗಬೇಕು." ಇದನ್ನು ಹೆಚ್ಚಿನ ಕಂಪನಿಗಳು ಒಪ್ಪಲ್ಲ, ಆದರೂ ಕೇಳಿ. ಕೇಳಿದ್ದು ದಾಖಲೆಯಲ್ಲಿ ಉಳಿಯುತ್ತದೆ.

ಬಸವನಗುಡಿ_ಬಾಯ್
ಇಷ್ಟೆಲ್ಲ ಮಾಡಿದರೂ ಯಾವಾಗ ಬೇಕಾದರೂ ತೆಗೆಯಬಹುದು ಅಂತ ಬರೆದುಕೊಂಡಿದ್ದಾರಲ್ಲ ಸರ್. ಲೇಬರ್ ಆಫೀಸಿಗೆ ಹೋದರೆ ಪಿಐಪಿ ನಿಲ್ಲಿಸಲ್ವಾ?

ಹಳೇ_ಎಚ್ಆರ್
ಪಿಐಪಿ ಕೊಡಬೇಡಿ ಅಂತ ಲೇಬರ್ ಆಫೀಸ್ ಹೇಳಲ್ಲ. ನೀವು ಹೇಳಿದ ಹಾಗೆ ಕಾನೂನಿನಲ್ಲಿ ಪಿಐಪಿ ಅನ್ನುವ ಮಾತಿಲ್ಲ. ಇಲ್ಲ ಅಂದ ಮಾತ್ರಕ್ಕೆ ಕೊಡಬಾರದು ಅಂತಲೂ ಆಗಲ್ಲ. ಆದರೆ ಕೆಲಸದಿಂದ ತೆಗೆಯುವುದಕ್ಕೆ ಕಾನೂನು ಇದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಸೆಕ್ಷನ್ ನೋಡಿ. ಆರು ತಿಂಗಳು ಸತತ ಕೆಲಸ ಮಾಡಿದವರನ್ನು ತೆಗೆಯಬೇಕಾದರೆ ಸರಿಯಾದ ಕಾರಣ ಬೇಕು, ಜೊತೆಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕು. ಮೇಲ್ಮನವಿಗೂ ದಾರಿ ಇದೆ. ಮ್ಯಾನೇಜರ್ ಸ್ಥಾನದಲ್ಲಿರುವವರಿಗೆ ಇದು ಅನ್ವಯಿಸಲ್ಲ, ಎಲ್2 ಎಂಜಿನಿಯರ್ ಆ ಸ್ಥಾನ ಅಲ್ಲ.

ಆ "ಸರಿಯಾದ ಕಾರಣ"ಕ್ಕೆ ಕಂಪನಿ ಮುಂದಿಡುವ ಕಾಗದವೇ ಪಿಐಪಿ. ಅದಕ್ಕೇ ನಾನು ನಿಮ್ಮ ಉತ್ತರವೂ ಅದೇ ಫೈಲಿನಲ್ಲಿ ಇರಬೇಕು ಅಂತ ಇಷ್ಟು ಹೇಳುತ್ತಿರುವುದು. ಆಕ್ಸೆಸ್ ಕೇಳಿದ್ದು, 41ರ ಲೆಕ್ಕ, 17 ದಿನ, ಇವೆಲ್ಲ ಇಲ್ಲದೆ ಹೋದರೆ ಓದುವವರಿಗೆ ಕಾಣುವುದು "95% ಗುರಿ, ತಲುಪಲಿಲ್ಲ" ಅಂತ ಮಾತ್ರ.

ಯೂನಿಯನ್_ಗೆಳೆಯ
ಇನ್ನೊಂದು ಸೇರಿಸುತ್ತೇನೆ. ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ ನಮ್ಮ ಸರ್ಕಾರ ಐಟಿ ಕಂಪನಿಗಳಿಗೆ ವಿನಾಯಿತಿ ಕೊಡುತ್ತಾ ಬಂದಾಗ ಷರತ್ತುಗಳನ್ನೂ ಹಾಕಿತ್ತು. ಕುಂದುಕೊರತೆ ಸಮಿತಿ ಇರಬೇಕು, ಅದರಲ್ಲಿ ಎರಡೂ ಕಡೆಯವರು ಸಮ ಸಂಖ್ಯೆಯಲ್ಲಿರಬೇಕು, ಕೆಲಸದಿಂದ ತೆಗೆದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು ಅಂತಿತ್ತು. ನಿಮ್ಮ ಕಂಪನಿಯಲ್ಲಿ ಆ ಸಮಿತಿ ಇದೆಯಾ, ಸದಸ್ಯರು ಯಾರು ಅಂತ ಎಚ್‌ಆರ್‌ಗೆ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ. ಐಟಿಯವರ ಯೂನಿಯನ್ ಕೆಐಟಿಯು 2017ರಿಂದ ಇದೆ, ಅಲ್ಲೂ ಮಾತಾಡಬಹುದು.

ಟೀಮ್‌ಲೀಡ್_ಹುಬ್ಬಳ್ಳಿ
ಇಲ್ಲಿ ನನ್ನದು ಸ್ವಲ್ಪ ಭಿನ್ನಾಭಿಪ್ರಾಯ ಇದೆ. ಮೊದಲ ಮೇಲ್‌ನಲ್ಲೇ ಸೆಕ್ಷನ್, ಸಮಿತಿ, ಯೂನಿಯನ್ ಅಂದರೆ ಮ್ಯಾನೇಜರ್ ಮಾತಾಡುವುದನ್ನೇ ನಿಲ್ಲಿಸಿ ಎಲ್ಲವನ್ನೂ ಲೀಗಲ್‌ಗೆ ಕಳಿಸುತ್ತಾನೆ. ಆಮೇಲೆ ಮೆಂಟರ್ ಕೂಡ ಹೆದರಿಕೊಂಡು ದೂರ ಇರುತ್ತಾರೆ. ಉಳಿಯಬೇಕು ಅಂತಿದ್ದರೆ ಮೊದಲು ಗುರಿ, ದಿನ, ಬೆಂಬಲ ಇಷ್ಟನ್ನೇ ಕೇಳಿ.

ಯೂನಿಯನ್_ಗೆಳೆಯ
ಸಾರ್, ಮೃದುವಾಗಿ ಕೇಳಿದವರನ್ನೇ ಎಷ್ಟೋ ಸಲ ಮೃದುವಾಗಿ ಹೊರಗೆ ಕಳಿಸಿದ್ದನ್ನು ನೋಡಿದ್ದೇನೆ. ಸಮಿತಿ ಇದೆಯಾ ಅಂತ ಕೇಳುವುದು ಬೆದರಿಕೆ ಅಲ್ಲ, ಹಕ್ಕು. ನಾವಿಬ್ಬರೂ ಇದರಲ್ಲಿ ಒಪ್ಪಲ್ಲ ಅನಿಸುತ್ತದೆ, ತೀರ್ಮಾನ ಅವರೇ ಮಾಡಲಿ.

ಸಾಗರದವಳು
ಎಲ್ಲರಿಗೂ ಧನ್ಯವಾದ. ಈ ಕೆಳಗಿನಂತೆ ಮೇಲ್ ಕಳಿಸಿದ್ದೇನೆ. ಇಂಗ್ಲಿಷ್‌ನಲ್ಲಿದ್ದದ್ದನ್ನು ಇಲ್ಲಿ ಕನ್ನಡದಲ್ಲಿ ಹಾಕುತ್ತಿದ್ದೇನೆ. ಸಮಿತಿ ವಿಷಯವನ್ನು ಈಗ ಬರೆದಿಲ್ಲ.

"ಪಿಐಪಿ ಪತ್ರವನ್ನು ಅಕ್ಟೋಬರ್ 6ಕ್ಕೆ ಸ್ವೀಕರಿಸಿದ್ದೇನೆ. ಸುಧಾರಿಸಿಕೊಳ್ಳಲು ಸಿದ್ಧಳಿದ್ದೇನೆ. ಪ್ರೊಡಕ್ಷನ್ ರೀಡ್ ಆಕ್ಸೆಸ್‌ಗೆ ಆಗಸ್ಟ್‌ನಲ್ಲಿ ಕೇಳಿದ್ದೆ, ಇನ್ನೂ ಬಂದಿಲ್ಲ. ಕಳೆದ ಮೂರು ತಿಂಗಳಲ್ಲಿ ತಡವಾದ 6 ಟಿಕೆಟ್‌ಗಳಲ್ಲಿ 4 ಈ ಕಾರಣದಿಂದ ತಡವಾದವು, ನಂಬರ್‌ಗಳು ಕೆಳಗಿವೆ. ಟೀಮಿನ ಸರಾಸರಿ 88% ಇರುವುದರಿಂದ ಅದೇ ಗುರಿ ಇರಲಿ, ಬೇರೆ ಟೀಮಿನ ಬಳಿ ಇದ್ದ ಸಮಯ ಬಿಟ್ಟು ಲೆಕ್ಕವಾಗಲಿ. ಅವಧಿ ಅಕ್ಟೋಬರ್ 8ರಿಂದ 60 ದಿನ ಇರಲಿ. ಮಂಗಳವಾರ, ಗುರುವಾರ 3ರಿಂದ 4ರವರೆಗೆ ಮೆಂಟರ್ ಸಮಯ ಕೋರುತ್ತೇನೆ."

ಇದರ ಜೊತೆಗೆ ರೀಓಪನ್, ಪಿ2 ಅಪ್‌ಡೇಟ್, ವಾರದ ರಿವ್ಯೂ, ಬೆಂಬಲ ತಡವಾದರೆ ಗಡುವು ಮುಂದೆ ಹೋಗುವ ಸಾಲು, ಎಲ್ಲ ಹಾಕಿದ್ದೇನೆ. ಸಹಿಯ ಪಕ್ಕದಲ್ಲಿ "ಸ್ವೀಕರಿಸಿದ್ದೇನೆ, ಒಪ್ಪಿಗೆಯಲ್ಲ" ಅಂತ ಬರೆದೆ. ಎಚ್‌ಆರ್ ಅದನ್ನು ನೋಡಿ ಏನೂ ಹೇಳಲಿಲ್ಲ.

ಸಾಗರದವಳು (ಶುಕ್ರವಾರ ಸಂಜೆ)
ಉತ್ತರ ಬಂತು. ಅವಧಿ ಅಕ್ಟೋಬರ್ 8ರಿಂದ ನವೆಂಬರ್ 14ಕ್ಕೆ ಆಯಿತು. ಗುರಿ 90%, ಬೇರೆ ಟೀಮಿನ ಬಳಿ ಇದ್ದ ಸಮಯ ಬಿಡುತ್ತಾರೆ. ರೀಓಪನ್ ಒಂದಕ್ಕೆ ಅವಕಾಶ, ಅದೂ ಪರಿಹಾರ ತಪ್ಪಿದ್ದರೆ ಮಾತ್ರ ಲೆಕ್ಕ. ಮೆಂಟರ್ ಸಮಯ ಸಿಕ್ಕಿತು. ಆಕ್ಸೆಸ್ 13ರೊಳಗೆ ಕೊಡುತ್ತಾರಂತೆ. ಗಡುವು ಮುಂದೆ ಹೋಗುವ ಸಾಲಿಗೆ "ಸಂದರ್ಭ ನೋಡಿ ತೀರ್ಮಾನಿಸುತ್ತೇವೆ" ಅಂದಿದ್ದಾರೆ. ಯಾವಾಗ ಬೇಕಾದರೂ ತೆಗೆಯಬಹುದು ಅನ್ನುವುದು ಹಾಗೇ ಇದೆ.

ಹಳೇ_ಎಚ್ಆರ್
ಒಳ್ಳೆಯ ಸುದ್ದಿ. 8ರಿಂದ ನವೆಂಬರ್ 14ರವರೆಗೆ 26 ಕೆಲಸದ ದಿನ ಸಿಗುತ್ತವೆ, ಸುಮಾರು 17 ಟಿಕೆಟ್. 90%ರಲ್ಲಿ ಒಂದು ತಪ್ಪಬಹುದು, ಎರಡು ತಪ್ಪಿದರೆ 88ಕ್ಕೆ ಇಳಿಯುತ್ತದೆ. ಇನ್ನೂ ಬಿಗಿಯಾಗೇ ಇದೆ, ಆದರೆ ಆಗದ ಮಾತಲ್ಲ. ಬೇರೆ ಟೀಮಿನ ಸಮಯವನ್ನು ಯಾರು ಕಳೆಯುತ್ತಾರೆ ಅಂತ ಸೋಮವಾರವೇ ಕೇಳಿ. ಟೂಲ್ ತಾನಾಗಿ ಕಳೆಯಲ್ಲ ಅಂತ ನೀವೇ ಹೇಳಿದಿರಿ. ಕೈಯಲ್ಲಿ ಕಳೆಯಬೇಕಾದರೆ ಪ್ರತಿ ವಾರದ ರಿವ್ಯೂನಲ್ಲಿ ಆ ವಾರದ ಲೆಕ್ಕ ಇಬ್ಬರೂ ಒಪ್ಪಿಕೊಂಡಿರಬೇಕು. ನವೆಂಬರ್ 14ಕ್ಕೆ ಕೂತು ಹಳೆಯದೆಲ್ಲ ಕೆದಕೋಕೆ ಆಗಲ್ಲ.

ಬಸವನಗುಡಿ_ಬಾಯ್
ಸಹಿ ವಿಷಯದಲ್ಲಿ ಸರ್ ಹೇಳಿದ್ದೇ ಸರಿ ಆಯಿತು. ಆದರೂ ಮೇಡಂ, ಬೇರೆ ಕಡೆ ಇಂಟರ್‌ವ್ಯೂ ಕೊಡೋಕೆ ಶುರು ಮಾಡಿ. ಪಿಐಪಿಯಲ್ಲಿ ಪಾಸಾದರೂ ಮುಂದಿನ ಅಪ್ರೈಸಲ್‌ನಲ್ಲಿ ತೋರಿಸುತ್ತಾರೆ.

ಎರಡು_ಮಕ್ಕಳ_ಅಮ್ಮ
ಇಂಟರ್‌ವ್ಯೂ ಕೊಡಿ, ಆದರೆ ಈ 26 ದಿನ ರಾತ್ರಿ ನಿದ್ದೆ ಬಿಟ್ಟು ಅದನ್ನೂ ಇದನ್ನೂ ಎಳೆಯಬೇಡಿ. ನಾನು ಹಾಗೆ ಮಾಡಿದ್ದೆ, ಎರಡೂ ಕಡೆ ಮನಸ್ಸು ಹರಿದುಹೋಗುತ್ತಿತ್ತು.

ಸಾಗರದವಳು
ಇಂಟರ್‌ವ್ಯೂ ಬಗ್ಗೆ ಇನ್ನೂ ತೀರ್ಮಾನ ಮಾಡಿಲ್ಲ ಅಕ್ಕಾ. ಮೊದಲು 13ಕ್ಕೆ ಆಕ್ಸೆಸ್ ಬರುತ್ತದಾ ನೋಡುತ್ತೇನೆ. ಬರದಿದ್ದರೆ 14ರ ಬೆಳಗ್ಗೆಯೇ ಅದೇ ಮೇಲ್‌ಗೆ ರಿಪ್ಲೈ ಹಾಕುತ್ತೇನೆ, ಆಗ ಸಮಿತಿ ವಿಷಯವನ್ನೂ ಕೇಳುತ್ತೇನೆ. ಟಿಕೆಟ್ ಲೆಕ್ಕಕ್ಕೆ ಒಂದು ಶೀಟ್ ಮಾಡಿ ಮ್ಯಾನೇಜರ್ ಜೊತೆ ಹಂಚಿಕೊಂಡಿದ್ದೇನೆ: ನಂಬರ್, ಬಂದ ಸಮಯ, ಬೇರೆ ಟೀಮಿನ ಬಳಿ ಇದ್ದ ಗಂಟೆ, ಮುಗಿದ ಸಮಯ. ಇವತ್ತಿನವರೆಗೆ ಎರಡು ಟಿಕೆಟ್, ಎರಡೂ ಎಸ್‌ಎಲ್‌ಎ ಒಳಗೆ.